ಮೊದಲ ಒಂದೂವರೆ ಮಿಲಿಲೀಟರ್

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕ ಸರ್ಕಾರದ ಉಗ್ರಾಣದಲ್ಲಿ ಸುಮಾರು 9 ಟನ್ ಸೋಡಿಯಂ ಲೋಹ ಮಿಕ್ಕಿತ್ತು. 1947ರಲ್ಲಿ ಅದನ್ನು ಡ್ರಮ್ಮುಗಳ ಸಮೇತ ವಾಷಿಂಗ್ಟನ್ ರಾಜ್ಯದ ಲೆನೋರ್ ಸರೋವರಕ್ಕೆ ಉರುಳಿಸಿಬಿಟ್ಟರು. ಆ ಸ್ಫೋಟಗಳ ಚಲನಚಿತ್ರ ಈಗಲೂ ಇದೆ. ನೀರು ಕಂಡರೆ ಸಿಡಿಯುವ ವಸ್ತುವಿಗೆ ಒಂದು ಕೆರೆಯಷ್ಟು ನೀರು ಕೊಟ್ಟು ಕೈತೊಳೆದುಕೊಳ್ಳುವುದೂ ಒಂದು ವಿಧಾನವೇ, ಅನುಮಾನವಿಲ್ಲ. ಆದರೆ ಗಾಜಿನ ಫ್ಲಾಸ್ಕ್ ಹಿಡಿದು ಕೆಲಸ ಮಾಡುವ ರಸಾಯನ ಪ್ರಯೋಗಾಲಯದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ನೀರನ್ನು ಹನಿಯ ಲೆಕ್ಕದಲ್ಲಿ ಕೊಡಬೇಕು.

ಅದೇ 1947ರಲ್ಲಿ ಫಿನ್‌ಹೋಲ್ಟ್, ಬಾಂಡ್ ಮತ್ತು ಶ್ಲೆಸಿಂಜರ್ ಎಂಬ ಮೂವರು ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್ ಎಂಬ ಹೊಸ ಸಂಯುಕ್ತದ ಬಗ್ಗೆ ಬರೆದರು. ಇದು ಬೂದುಬಣ್ಣದ ಪುಡಿ. ಇದರ ಪ್ರತಿ ಅಣುಘಟಕದಲ್ಲೂ ನಾಲ್ಕು ಹೈಡ್ರೋಜನ್‌ಗಳಿದ್ದು, ಎಸ್ಟರ್, ಆಮ್ಲ, ಅಮೈಡ್ ಯಾವುದಕ್ಕಾದರೂ ಅವನ್ನು ದಾಟಿಸಿ ಅಪಕರ್ಷಿಸುತ್ತದೆ. ಔಷಧ ತಯಾರಿಸುವವರಿಗೆ ಇದು ದಿನಬಳಕೆಯ ಸಾಮಾನು. ಲ್ಯಾಬಿನಲ್ಲಿ ಉದ್ದದ ಹೆಸರು ಯಾರೂ ಹೇಳುವುದಿಲ್ಲ, ‘ಎಲ್‌ಎಎಚ್’ ಅಂದರೆ ಸಾಕು.

ತೊಂದರೆ ಶುರುವಾಗುವುದು ಕೆಲಸ ಮುಗಿದ ಮೇಲೆ. ಕ್ರಿಯೆ ಪೂರ್ತಿಯಾಗಲಿ ಎಂದು ಎಲ್‌ಎಎಚ್ಚನ್ನು ಬೇಕಾದ್ದಕ್ಕಿಂತ ಹೆಚ್ಚೇ ಹಾಕಿರುತ್ತಾರೆ, ಹಾಗಾಗಿ ಕೊನೆಯಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಅದನ್ನು ನಿರ್ಜೀವಗೊಳಿಸದೆ ಫ್ಲಾಸ್ಕ್ ತೆರೆದು ಮುಂದಿನ ಕೆಲಸಕ್ಕೆ ಹೋಗುವಂತಿಲ್ಲ. ಹೀಗೆ ನಿರ್ಜೀವಗೊಳಿಸುವುದಕ್ಕೇ ‘ಕ್ವೆಂಚ್’ ಮಾಡುವುದು ಎನ್ನುತ್ತಾರೆ.

ಒಂದು ಲೆಕ್ಕ ಹಾಕೋಣ. 5.4 ಗ್ರಾಂ ಮೀಥೈಲ್ ಬೆಂಜೊಯೇಟ್ ಎಂಬ ಎಸ್ಟರನ್ನು ಬೆಂಜೈಲ್ ಆಲ್ಕೋಹಾಲ್ ಆಗಿ ಬದಲಿಸಬೇಕು ಎನ್ನಿ. ಸಿದ್ಧಾಂತದ ಪ್ರಕಾರ ಮುಕ್ಕಾಲು ಗ್ರಾಂ ಎಲ್‌ಎಎಚ್ ಸಾಕು, ನಾವು ಹಾಕಿರುವುದು 1.5 ಗ್ರಾಂ. ಅಂದರೆ ಅರ್ಧದಷ್ಟು ಫ್ಲಾಸ್ಕಿನಲ್ಲೇ ಉಳಿದಿದೆ. ಅದಕ್ಕೆ ನೀರು ಸೋಕಿದರೆ ಕೋಣೆಯ ಉಷ್ಣಾಂಶದಲ್ಲಿ ಸುಮಾರು 1.9 ಲೀಟರ್ ಹೈಡ್ರೋಜನ್ ಹೊರಡುತ್ತದೆ. ದೊಡ್ಡ ಸೋಡಾ ಬಾಟಲಿಯೊಂದು ತುಂಬುವಷ್ಟು ಅನಿಲ. ಗಾಳಿಯಲ್ಲಿ ಶೇ. 4ರಷ್ಟು ಬೆರೆತರೂ ಅದು ಹೊತ್ತಿಕೊಳ್ಳಬಲ್ಲದು. ಸುತ್ತ ಇರುವ ದ್ರಾವಕವೋ ಈಥರ್, 35 ಡಿಗ್ರಿಗೇ ಕುದಿಯುವಂಥದ್ದು. ಕ್ರಿಯೆಯ ಬಿಸಿಗೆ ಈಥರ್ ಕುದಿದು ಉಕ್ಕಿದರೆ ಆವಿಯೂ ಹೈಡ್ರೋಜನ್ನೂ ಒಟ್ಟಿಗೆ ಹೊರಬರುತ್ತವೆ.

ಇದಕ್ಕೆ ಫೀಸರ್ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ಅಳತೆ ಇದೆ. ಎಷ್ಟು ಗ್ರಾಂ ಎಲ್‌ಎಎಚ್ ಹಾಕಿದ್ದಿರೋ ಅಷ್ಟೇ ಮಿಲಿಲೀಟರ್ ನೀರು, ಆಮೇಲೆ ಅಷ್ಟೇ ಮಿಲಿಲೀಟರ್ ಶೇ. 15ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ, ಕೊನೆಗೆ ಅದರ ಮೂರರಷ್ಟು ನೀರು. ನಮ್ಮ ಉದಾಹರಣೆಯಲ್ಲಿ 1.5, 1.5, 4.5 ಮಿ.ಲೀ. ಉಳಿದದ್ದೆಷ್ಟು ಎಂದು ಊಹಿಸುವ ಗೋಜಿಲ್ಲ, ಒಟ್ಟು ಹಾಕಿದ್ದನ್ನೇ ಹಿಡಿದು ಲೆಕ್ಕ.

ಅಳತೆ ಕಾಗದದ ಮೇಲೆ ಸರಳವಾಗಿ ಕಾಣುತ್ತದೆ, ಅಪಾಯ ಮಾತ್ರ ಮೂರು ಭಾಗಕ್ಕೂ ಸಮನಾಗಿ ಹಂಚಿಕೆಯಾಗಿಲ್ಲ. ಉಳಿದಿರುವ ಹೈಡ್ರೈಡನ್ನು ಮುಗಿಸಲು ಆ ಮೊದಲ ಒಂದೂವರೆ ಮಿಲಿಲೀಟರ್ ನೀರೇ ಹೆಚ್ಚುಕಡಿಮೆ ಸಾಕು. ಅನಿಲದ ಬಹುಪಾಲು ಅಲ್ಲೇ ಹೊರಟುಬಿಡುತ್ತದೆ. ಒಂದು ಹನಿ ನೀರೆಂದರೆ ಸುಮಾರು 0.05 ಮಿ.ಲೀ., ಅದರಿಂದ ಹುಟ್ಟುವ ಹೈಡ್ರೋಜನ್ ಕಡಿಮೆಯೆಂದರೂ 60 ಮಿ.ಲೀ. ಮೀರುತ್ತದೆ. ಹನಿಯ ಗಾತ್ರದ ಸಾವಿರ ಪಟ್ಟಿಗೂ ಹೆಚ್ಚು! ಹೀಗಿರುವಾಗ ‘ನಿಧಾನವಾಗಿ ಹಾಕಿ’ ಎಂದಷ್ಟೇ ಬರೆಯುವ ಪ್ರಯೋಗ ಪುಸ್ತಕಗಳ ಮೇಲೆ ನನಗೆ ಸಿಟ್ಟಿದೆ. ಒಂದು ಹನಿ ಬಿದ್ದ ಮೇಲೆ ಗುಳ್ಳೆ ನಿಲ್ಲುವವರೆಗೆ ಮುಂದಿನ ಹನಿ ಬೇಡ ಎಂದು ಬರೆಯಬೇಕು.

ಫ್ಯೂಮ್ ಹುಡ್ಡಿನೊಳಗೆ ಕೆಲಸ ನಡೆಯುವುದು ಹೀಗೆ. ಮಿಶ್ರಣಕ್ಕೆ ಇನ್ನಷ್ಟು ಒಣ ಈಥರ್ ಸೇರಿಸಿ ತೆಳುಮಾಡುತ್ತಾರೆ, ಬಿಸಿ ಹೀರಿಕೊಳ್ಳಲು ದ್ರವ ಹೆಚ್ಚಿದ್ದಷ್ಟೂ ಒಳ್ಳೆಯದು. ಫ್ಲಾಸ್ಕನ್ನು ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟು, ನೈಟ್ರೋಜನ್ ಹಾಯಿಸುತ್ತ, ಅನಿಲ ಹೊರಹೋಗಲು ಬಾಯಿ ಬಿಟ್ಟಿರುತ್ತಾರೆ. ಮುಚ್ಚಳ ಬಿಗಿಮಾಡಿದ ಫ್ಲಾಸ್ಕ್ ಒಡೆಯುತ್ತದೆ. ಕಲಕುವ ಕಡ್ಡಿ ಜೋರಾಗಿ ತಿರುಗುತ್ತಿರಬೇಕು. ಮಧ್ಯದಲ್ಲಿ ಮಿಶ್ರಣ ಗಟ್ಟಿಯಾಗಿ ಕಡ್ಡಿ ನಿಂತರೆ ನೀರು ಒಂದೇ ಕಡೆ ಶೇಖರವಾಗುತ್ತದೆ. ಆಗ ಹನಿ ನಿಲ್ಲಿಸಿ, ಈಥರ್ ಸೇರಿಸಿ, ಮತ್ತೆ ತಿರುಗುವಂತೆ ಮಾಡಿಯೇ ಮುಂದುವರಿಯಬೇಕು.

ತಂಪು ಹೆಚ್ಚಿದಷ್ಟೂ ಕ್ಷೇಮ ಎಂಬ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ. ಒಣ ಮಂಜಿನಲ್ಲಿ ಮೈನಸ್ 78 ಡಿಗ್ರಿಗೆ ತಂದು ನೀರು ಹಾಕಿದರೆ ಹನಿಗಳು ಹೆಪ್ಪುಗಟ್ಟಿ ಸುಮ್ಮನೆ ಕೂರುತ್ತವೆ. ಗುಳ್ಳೆಯಿಲ್ಲ, ಬಿಸಿಯಿಲ್ಲ, ಎಲ್ಲ ಮುಗಿಯಿತು ಅನ್ನಿಸುತ್ತದೆ. ತೊಟ್ಟಿ ತೆಗೆದು ಫ್ಲಾಸ್ಕ್ ಬೆಚ್ಚಗಾದಾಗ ಅಷ್ಟೂ ಹನಿಗಳ ಕ್ರಿಯೆ ಒಟ್ಟಿಗೆ ನಡೆಯುತ್ತದೆ.

ಎಲ್ಲ ಸರಿಯಾದರೆ ಬೂದುಬಣ್ಣ ಹೋಗಿ ಬಿಳಿ ಬರುತ್ತದೆ, ತಳದ ಗಸಿ ಹುರಿದ ರವೆಯಂತೆ ಉದುರುದುರಾಗುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಕಾಲು ಗಂಟೆ ಕಲಕಿ ಸೋಸಿದರೆ ತಿಳಿ ಇಳಿಯುತ್ತದೆ. ಅಳತೆ ಬಿಟ್ಟು ಮನಬಂದಂತೆ ನೀರು ಸುರಿದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅಂಟುಲೋಳೆಯಾಗಿ ಸೋಸು ಕಾಗದವನ್ನು ಮುಚ್ಚಿಬಿಡುತ್ತದೆ, ತಯಾರಿಸಿದ ವಸ್ತು ಅದರೊಳಗೇ ಸಿಕ್ಕಿಬೀಳುತ್ತದೆ. ಮಧ್ಯದ ಆ ಕ್ಷಾರ ದ್ರಾವಣ ಇರುವುದು ಈ ಲೋಳೆಯನ್ನು ತಪ್ಪಿಸಲಿಕ್ಕೆ.

ಆದರೂ ಬೆಂಕಿ ಹೊತ್ತಿದರೆ ಒಣ ಮರಳು ಸುರಿಯಬೇಕು, ಇಲ್ಲವೇ ಲೋಹದ ಬೆಂಕಿಗೆಂದೇ ಇರುವ ಪುಡಿಯ ನಂದಕ ಬಳಸಬೇಕು. ನೀರಂತೂ ಕೂಡದು. ಗೋಡೆಗೆ ತೂಗುಹಾಕಿರುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬೇಡ, ಎಲ್‌ಎಎಚ್ ಆ ಅನಿಲದ ಜೊತೆಗೂ ಕ್ರಿಯೆ ನಡೆಸುತ್ತದೆ.

ಸೋಡಿಯಂ ಲೋಹದ ಸ್ವಭಾವ ಬೇರೆ. ಎಲ್‌ಎಎಚ್ ಪುಡಿ, ದ್ರವದ ತುಂಬ ಹರಡಿರುತ್ತದೆ. ಸೋಡಿಯಂ ಮಾತ್ರ ಉಂಡೆ, ತಂತಿ, ಚೂರು. ಈಥರ್ ಅಥವಾ ಟಿಎಚ್‌ಎಫ್ ದ್ರಾವಕದ ತೇವ ತೆಗೆಯಲು ಅದನ್ನು ಹಾಕಿ ತಿಂಗಳುಗಟ್ಟಲೆ ಇಟ್ಟ ಫ್ಲಾಸ್ಕಿನ ತಳದಲ್ಲಿ ಬಿಳಿ ಗಸಿ ಕೂತಿರುತ್ತದೆ, ಲೋಹ ಅದರಡಿ ಅವಿತಿರುತ್ತದೆ. ನೈಟ್ರೋಜನ್ನಿನಡಿ ಮೇಲೆ ಟಾಲ್ಯೂಈನ್ ಇರುವಂತೆ ನೋಡಿಕೊಂಡು, ಐಸೊಪ್ರೊಪೈಲ್ ಆಲ್ಕೋಹಾಲನ್ನು ಹನಿಹನಿಯಾಗಿ ಹಾಕುತ್ತಾರೆ. ಅದು ಮಂದಗತಿಯ ಆಲ್ಕೋಹಾಲ್, ಅದಕ್ಕೇ ಮೊದಲ ಸರದಿ. ಗುಳ್ಳೆ ನಿಂತ ಮೇಲೆ ಎಥನಾಲ್. ನೀರಿನ ಸರದಿ ಕಟ್ಟಕಡೆಗೆ.

ಗುಳ್ಳೆ ನಿಂತಿತು ಅಂದರೆ ಲೋಹ ಮುಗಿಯಿತು ಎಂದಲ್ಲ. ಚೂರಿನ ಮೈಮೇಲೆ ಆಲ್ಕಾಕ್ಸೈಡಿನ ತೊಗಟೆ ಕಟ್ಟಿ, ಒಳಗಿನ ಸೋಡಿಯಂಗೆ ಆಲ್ಕೋಹಾಲ್ ತಲುಪದೆ ಇರಬಹುದು. ತೇವ ಪತ್ತೆಗೆ ಬೆಂಜೊಫೀನೋನ್ ಹಾಕಿದ್ದರೆ ದ್ರಾವಕ ಕಡುನೀಲಿಯಾಗಿರುತ್ತದೆ, ಆಲ್ಕೋಹಾಲ್ ಬಿದ್ದೊಡನೆ ಆ ನೀಲಿ ಮಾಯವಾಗುತ್ತದೆ. ಬಣ್ಣ ಹೋದದ್ದನ್ನೇ ನಂಬಿ ನೀರು ಹಾಕುವುದೇ ತಪ್ಪು. ಸೋಡಿಯಂ ನೀರಿಗಿಂತ ತುಸು ಹಗುರ, ಟಾಲ್ಯೂಈನಿಗಿಂತ ಭಾರ. ಇಷ್ಟು ಹೊತ್ತು ತಳದಲ್ಲಿದ್ದ ಚೂರು ನೀರು ಬಿದ್ದೊಡನೆ ಅದರ ಮೇಲ್ಮೈಗೆ ಏರುತ್ತದೆ, ಅಂದರೆ ನೀರು ಮತ್ತು ಉರಿಯುವ ದ್ರಾವಕ ಸೇರುವ ಗೆರೆಯಲ್ಲೇ ನಿಂತು 98 ಡಿಗ್ರಿಗೆ ಕರಗಿ ಹೈಡ್ರೋಜನ್ ಬಿಡುತ್ತದೆ.

ಹಾಗಾಗಿ ಆಲ್ಕೋಹಾಲ್ ಹಾಕಿದ ಫ್ಲಾಸ್ಕನ್ನು ರಾತ್ರಿಯಿಡೀ ಕಲಕಲು ಬಿಡುತ್ತಾರೆ, ಅನಿಲಕ್ಕೆ ದಾರಿಯಿಟ್ಟು. ಬೆಳಿಗ್ಗೆ ಗಸಿಯನ್ನು ಕಡ್ಡಿಯಿಂದ ಒಡೆದು ನೋಡಿದಾಗ ಹೊಳೆಯುವ ಚೂರಾಗಲಿ, ಒಂದೇ ಜಾಗದಿಂದ ಏಳುವ ಗುಳ್ಳೆಯ ಸಾಲಾಗಲಿ ಕಂಡರೆ ಇನ್ನಷ್ಟು ಎಥನಾಲ್ ಸೇರಿಸಿ, ನೀರಿನ ಬಾಟಲಿಯನ್ನು ಮತ್ತೆ ಕಪಾಟಿಗೆ ಇಡುತ್ತಾರೆ.