ರಜೆ ಚೀಟಿಯ ಮೂರು ಸಾಲು

ನಮ್ಮ ಡಾಕ್ಟರು ರಜೆಗೆ ಬರೆದುಕೊಡುವ ಸರ್ಟಿಫಿಕೇಟು ಮೂರು ಸಾಲು ದಾಟುವುದು ಅಪರೂಪ. ಒಮ್ಮೆ ಪಕ್ಕದಲ್ಲೇ ಕೂತು ನೋಡಿದೆ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿ, ಚಳಿಜ್ವರ, ಮೂತ್ರದ ಸೋಂಕು. ಬಂದದ್ದು 12ನೇ ತಾರೀಖು ಬುಧವಾರ, ಕೆಲಸ ಬಿಟ್ಟದ್ದು ಸೋಮವಾರ.

“ಸೋಮವಾರದಿಂದ್ಲೇ ಬರ್ಕೊಡಿ ಸರ್.”

“ಸೋಮವಾರ ನಾನು ನಿನ್ನ ನೋಡೇ ಇಲ್ವಲ್ಲಮ್ಮ!”

ಹಾಗಂತ ಅವಳ ಎರಡು ದಿನವನ್ನು ಅವರು ಕೈಬಿಡಲಿಲ್ಲ. ಬರೆದದ್ದು ಹೀಗೆ: “ಇವರನ್ನು 12ರಂದು ಪರೀಕ್ಷಿಸಿದ್ದೇನೆ. 10ರಿಂದ ಜ್ವರವಿತ್ತೆಂದು ಹೇಳುತ್ತಾರೆ. 12ರಿಂದ 14ರವರೆಗೆ, ಎರಡೂ ದಿನ ಸೇರಿ, ಇವರು ಕೆಲಸಕ್ಕೆ ಹೋಗುವಂತಿಲ್ಲ.”

ಇಡೀ ಕಸುಬು ಆ “ಹೇಳುತ್ತಾರೆ”ಯಲ್ಲಿದೆ. ತಾನು ಕಂಡದ್ದು ಬೇರೆ, ಕೇಳಿದ್ದು ಬೇರೆ. ಎರಡನ್ನೂ ಬರೆಯಬಹುದು, ಬೆರೆಸಬಾರದು. ಸೋಮವಾರದ ರಜೆ ಒಪ್ಪುವುದು ಬಿಡುವುದು ಕಂಪನಿಗೆ ಸೇರಿದ್ದು. ಚೀಟಿಗೇ ಹಿಂದಿನ ತಾರೀಖು ಹಾಕಿದರೆ ಅದು ಸುಳ್ಳು ಪ್ರಮಾಣಪತ್ರ. ವೈದ್ಯರ ವೃತ್ತಿನೀತಿಯ 2002ರ ನಿಯಮಗಳಲ್ಲಿ ಇದಕ್ಕೆ ರಿಜಿಸ್ಟರಿನಿಂದ ಹೆಸರು ತೆಗೆಯುವವರೆಗೂ ಶಿಕ್ಷೆಯುಂಟು. “ಎರಡೂ ದಿನ ಸೇರಿ” ಎಂಬುದೂ ಸುಮ್ಮನೆ ಬಂದದ್ದಲ್ಲ. “ಮೂರು ದಿನ ವಿಶ್ರಾಂತಿ” ಎಂದಷ್ಟೇ ಬರೆದರೆ ಎಣಿಕೆ ಎಂದಿನಿಂದ ಎಂದು ಹಾಜರಿ ಗುಮಾಸ್ತನಿಗೂ ಅವಳಿಗೂ ಜಗಳ ಶುರು.

ಸೋಂಕಿನ ಹೆಸರು ಮಾತ್ರ ಚೀಟಿಯಲ್ಲಿಲ್ಲ. ಚೀಟಿ ಮೊದಲು ಸೂಪರ್‌ವೈಸರ್ ಕೈಗೆ ಹೋಗುತ್ತದೆ, ಆಮೇಲೆ ಇಡೀ ಲೈನಿಗೆ ಸುದ್ದಿ. ಹೆಸರು ಬರೆಯಲೇ ಎಂದು ಡಾಕ್ಟರು ಕೇಳಿದರು, ಅವಳು ಬೇಡವೆಂದು ತಲೆಯಾಡಿಸಿದಳು. ಸರ್ಕಾರಿ ನೌಕರರ ರಜೆಗೆ ನಮೂನೆಯೇ ಕಾಯಿಲೆ ಏನೆಂದು ಕೇಳುವುದುಂಟು. ಅಂಥ ಕಡೆ ಏನು ಬರೆಯುತ್ತಿದ್ದೇನೆಂದು ರೋಗಿಗೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆದೇ ಬರೆಯುತ್ತಾರೆ.

ಇನ್ನೊಂದನ್ನೂ ಬಿಟ್ಟರು. ಪಾಳಿಯಲ್ಲಿ ಶೌಚಾಲಯಕ್ಕೆ ಬಿಡುವುದಿಲ್ಲ, ಅದಕ್ಕೇ ನೀರು ಕುಡಿಯುವುದಿಲ್ಲ ಎಂದು ಅವಳು ಹೇಳಿದ್ದಳು. ಸೋಂಕಿಗೆ ಅದೂ ಕಾರಣವಿದ್ದೀತು. ಆದರೆ “ಕೆಲಸದಿಂದಲೇ ಬಂದದ್ದು” ಎಂದು ಬರೆಯಲು ಅವರು ಕಾರ್ಖಾನೆ ಕಂಡವರಲ್ಲ. “ಆಗಾಗ ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಬಿಡಬೇಕು ಅಂತ ಬೇರೆ ಚೀಟಿ ಕೊಡ್ತೀನಿ, ಬೇಕಾ?” ಎಂದರು. ಅವಳು ಯೋಚಿಸಿ, ಆಮೇಲೆ ಹೇಳುತ್ತೇನೆಂದಳು.

ಒಂದು ವಾರವನ್ನೇ ಕೊಡಬಾರದಿತ್ತೇ ಎಂದು ನನಗನ್ನಿಸಿತು. ಮಾತ್ರೆಗೆ ಜ್ವರ ಇಳಿದರೆ ಮೂರು ದಿನ ಸಾಕು, ಇಳಿಯದಿದ್ದರೆ ಹೇಗೂ ಮತ್ತೆ ನೋಡಲೇಬೇಕು ಎಂದರು. ಮುಂದಿನ ರಜೆಗೆ ಮುಂದಿನ ಪರೀಕ್ಷೆ.

ಕೊನೆಗೆ ಸಹಿ, ತಾರೀಖು, ನೋಂದಣಿ ಸಂಖ್ಯೆ, ಸೀಲು. ಚೀಟಿಯ ನಕಲನ್ನು ಇಟ್ಟುಕೊಂಡು, ದಪ್ಪ ರಿಜಿಸ್ಟರಿನಲ್ಲಿ ಅವಳ ವಿಳಾಸ ಬರೆದು ಸಹಿ ಹಾಕಿಸಿದರು. ಗುರುತಿನ ಚಿಹ್ನೆಯ ಜಾಗ ಖಾಲಿಯಿತ್ತು. ಕನ್ನಡಕ ಮೇಲೇರಿಸಿ ನೋಡಿ, “ಎಡ ಹುಬ್ಬಿನ ಮೇಲೆ ಮಚ್ಚೆ” ಎಂದು ತುಂಬಿದರು.