ಮೂಗಿಗೆ ಹಚ್ಚುವ ಮುಲಾಮು, ನಾಲಿಗೆಗೆ ತಾಗಿಸುವ ಕರ್ಪೂರ: ಮಗುವಿಗೆ ಎರಡೂ ಬೇಡ

ಹೆಮ್ಮಿಗೆಯಂಥ ಹೊಳೆ ಬದಿಯ ಊರುಗಳಲ್ಲಿ ಚಳಿಗಾಲದ ಬೆಳಗಿನ ಜಾವ ಮಗುವಿನ ಮೂಗು ಕಟ್ಟಿದರೆ ಮನೆಯವರ ಕೈ ಮೊದಲು ಹೋಗುವುದು ಮೂರು ವಸ್ತುಗಳ ಕಡೆಗೆ. ಒಂದು, ಅಂಗಡಿಯಲ್ಲಿ ಸಿಗುವ ಮುಲಾಮಿನ ಡಬ್ಬಿ. ಎರಡು, ಊಟಿ ಕಡೆಗೆ ಹೋದವರು ತಂದುಕೊಟ್ಟ ನೀಲಗಿರಿ ಎಣ್ಣೆಯ ಸೀಸೆ. ಮೂರು, ಕರ್ಪೂರ. ನಮ್ಮ ಮನೆಗಳಲ್ಲಿ ಪೂಜೆಗೆ ಕರ್ಪೂರ ಇರುವುದಿಲ್ಲ. ಆದರೆ ಮಯ್ಯಿತ್ ಸ್ನಾನದ ಕೊನೆಯ ನೀರಿಗೆಂದು ತಂದ ಕಾಫೂರ್ ಉಳಿದು ಬೀರುವಿನಲ್ಲಿ ಇರುತ್ತದೆ. ನಾನಿ ಅದನ್ನೇ ಬಿಸಿ ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಮಗುವಿನ ಎದೆಗೆ ತಿಕ್ಕುತ್ತಾರೆ. ಕೆಲವರು ಅದೇ ಬೆರಳನ್ನು ಮೂಗಿನ ಹೊಳ್ಳೆಗೂ ಹಚ್ಚುತ್ತಾರೆ. ಕಫ ಕರಗಲಿ ಎಂದು ಒಂದು ತೊಟ್ಟು ನಾಲಿಗೆಗೂ ತಾಗಿಸುತ್ತಾರೆ. ಅಪಾಯ ಇರುವುದು ಈ ಕೊನೆಯ ಎರಡು ಕೆಲಸಗಳಲ್ಲಿ.

ಮೊದಲು ಹೊಟ್ಟೆಗೆ ಹೋಗುವ ಕರ್ಪೂರದ ಲೆಕ್ಕ ನೋಡೋಣ. ಮಗುವಿನ ತೂಕದ ಪ್ರತಿ ಕಿಲೋಗೆ 30 ಮಿಲಿಗ್ರಾಂಗಿಂತ ಹೆಚ್ಚು ಕರ್ಪೂರ ಹೊಟ್ಟೆಗೆ ಹೋಗಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು ಎಂಬುದು ವಿಷ ಚಿಕಿತ್ಸೆಯ ತಜ್ಞರು ಹಾಕಿರುವ ಗೆರೆ. ಒಂದು ವರ್ಷದ, ಹತ್ತು ಕಿಲೋ ತೂಗುವ ಮಗುವಿಗೆ ಅದು 300 ಮಿಲಿಗ್ರಾಂ. ಈಗ ಮನೆಯ ಬಟ್ಟಲಿಗೆ ಬನ್ನಿ. ಒಂದು ಗ್ರಾಂ ತೂಕದ ಎರಡು ಬಿಲ್ಲೆಗಳನ್ನು ನಾಲ್ಕು ಟೀ ಚಮಚ, ಅಂದರೆ 20 ಮಿಲಿಲೀಟರ್ ಎಣ್ಣೆಯಲ್ಲಿ ಕರಗಿಸಿದ್ದೀರಿ ಎಂದಿಟ್ಟುಕೊಳ್ಳಿ. ಆ ಎಣ್ಣೆಯ ಪ್ರತಿ ಮಿಲಿಲೀಟರ್‌ನಲ್ಲಿ ಸುಮಾರು 100 ಮಿಲಿಗ್ರಾಂ ಕರ್ಪೂರ ಇರುತ್ತದೆ. ಮಗು ಬಟ್ಟಲನ್ನು ಎಳೆದುಕೊಂಡು ಒಂದು ಟೀ ಚಮಚದಷ್ಟು ಕುಡಿದರೆ 500 ಮಿಲಿಗ್ರಾಂ ಒಳಗೆ ಹೋಯಿತು. ಆರು ಕಿಲೋದ ಹಸುಗೂಸಿಗಂತೂ ಎರಡು ಮಿಲಿಲೀಟರ್ ಕುಡಿದರೇ ಗೆರೆ ದಾಟುತ್ತದೆ. ಇನ್ನು ಇಡೀ ಬಿಲ್ಲೆಯನ್ನೇ ಸಕ್ಕರೆ ಮಿಠಾಯಿ ಎಂದು ಮಗು ಬಾಯಿಗೆ ಹಾಕಿಕೊಂಡರೆ ಎಣ್ಣೆಯ ಲೆಕ್ಕವೂ ಬೇಕಿಲ್ಲ. ಒಂದು ಗ್ರಾಂ ಕರ್ಪೂರದಿಂದ ಸಣ್ಣ ಮಕ್ಕಳು ಸತ್ತ ದಾಖಲೆ ವೈದ್ಯಕೀಯದಲ್ಲಿದೆ.

ಕರ್ಪೂರ ಇಷ್ಟು ಕೆಡುಕು ಮಾಡುವುದು ಏಕೆ? ಅದು ಎಣ್ಣೆಯಲ್ಲಿ ಬೇಗ ಕರಗುವ ವಸ್ತು. ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಬಹಳ ಬೇಗ ಸೇರುತ್ತದೆ. ಅಲ್ಲಿ ನರಗಳನ್ನು ಕೆರಳಿಸಿ ಫಿಟ್ಸ್ ತರಿಸುತ್ತದೆ. ವಾಂತಿ, ಬಾಯಿ ಉರಿ, ಚಡಪಡಿಕೆ ಮೊದಲು ಕಾಣಬಹುದು. ಆದರೆ ಯಾವ ಮುನ್ಸೂಚನೆಯೂ ಇಲ್ಲದೆ ಐದು ಹತ್ತು ನಿಮಿಷದಲ್ಲೇ ಫಿಟ್ಸ್ ಬಂದ ಮಕ್ಕಳೂ ಇದ್ದಾರೆ. ಅಮೆರಿಕದಲ್ಲಿ ನೂರಕ್ಕೆ 20 ಭಾಗ ಕರ್ಪೂರ ಸೇರಿಸಿದ ಎಣ್ಣೆಯನ್ನು ಹರಳೆಣ್ಣೆ ಎಂದು ತಪ್ಪು ತಿಳಿದು ಮಕ್ಕಳಿಗೆ ಕುಡಿಸಿ ಅನಾಹುತಗಳಾದವು. ಅಲ್ಲಿನ ಸರಕಾರ 1980ರ ದಶಕದ ಆರಂಭದಲ್ಲಿ ಆ ಎಣ್ಣೆಯ ಮಾರಾಟವನ್ನೇ ನಿಲ್ಲಿಸಿ, ಮುಲಾಮುಗಳಲ್ಲಿ ಕರ್ಪೂರ ನೂರಕ್ಕೆ 11 ಭಾಗ ಮೀರಬಾರದು ಎಂದು ಮಿತಿ ಹಾಕಿತು. ನಾವು ಮನೆಯಲ್ಲಿ ಕಣ್ಣಂದಾಜಿನಲ್ಲಿ ಕಾಯಿಸುವ ಎಣ್ಣೆಗೆ ಇಂಥ ಮಿತಿ ಹಾಕುವವರು ಯಾರೂ ಇಲ್ಲ.

ನೀಲಗಿರಿ ಎಣ್ಣೆಯ ಸೀಸೆಯೂ ಹಾಗೆಯೇ. ಅದರಲ್ಲಿರುವುದು ಬೆರಕೆಯಿಲ್ಲದ ಎಣ್ಣೆ. ಸಣ್ಣ ಮಗು ಒಂದು ಟೀ ಚಮಚದಷ್ಟು ಕುಡಿದರೆ ಅರ್ಧ ಗಂಟೆಯೊಳಗೆ ಮಂಪರು ಕವಿದು ಪ್ರಜ್ಞೆ ತಪ್ಪಬಹುದು. ಕೆಮ್ಮುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಈಗ ಮೂಗಿನ ವಿಷಯ. ಮುಲಾಮು ಹಚ್ಚಿದೊಡನೆ ಮೂಗು ಬಿಟ್ಟಂತೆ ಅನಿಸುತ್ತದೆಯಲ್ಲ, ಅದು ಮೆಂಥಾಲ್‌ನ ಕೆಲಸ. ಅದು ಮೂಗಿನೊಳಗೆ ತಂಪನ್ನು ತಿಳಿಸುವ ನರಗಳನ್ನು ತಟ್ಟುತ್ತದೆ. ಗಾಳಿ ಚೆನ್ನಾಗಿ ಆಡುತ್ತಿದೆ ಎಂದು ಮೆದುಳಿಗೆ ಅನಿಸುತ್ತದೆ. ನಿಜವಾಗಿ ಮೂಗಿನ ದಾರಿ ಒಂದಿಷ್ಟೂ ಅಗಲವಾಗಿರುವುದಿಲ್ಲ. ದೊಡ್ಡವರಿಗೆ ಈ ಅನಿಸಿಕೆಯೇ ಸಮಾಧಾನ. ಹಸುಗೂಸಿನ ಸ್ಥಿತಿ ಬೇರೆ. ಮೊದಲ ಕೆಲವು ತಿಂಗಳು ಅದು ಉಸಿರಾಡುವುದು ಮುಖ್ಯವಾಗಿ ಮೂಗಿನಿಂದಲೇ. ಮೂಗಿನ ಬಳಿ ಘಾಟು ತಾಗಿದರೆ ಗಂಟಲ ನಾಳ ಬಿಗಿದುಕೊಳ್ಳಬಹುದು, ಉಸಿರು ಕ್ಷಣ ಕಾಲ ನಿಂತೂ ಹೋಗಬಹುದು. ಜೊತೆಗೆ ಉರಿಗೆ ಸಿಂಬಳ ಇನ್ನಷ್ಟು ಊರುತ್ತದೆ.

2009ರಲ್ಲಿ 'ಚೆಸ್ಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥದೇ ಪ್ರಸಂಗ ಪ್ರಕಟವಾಯಿತು. ಅಮೆರಿಕದಲ್ಲಿ 18 ತಿಂಗಳ ಹೆಣ್ಣು ಮಗುವಿಗೆ ನೆಗಡಿಯಾಗಿದ್ದಾಗ ಮುಲಾಮನ್ನು ನೇರ ಮೂಗಿನ ಕೆಳಗೆ ಹಚ್ಚಿದ್ದರು. ಮಗುವಿಗೆ ಉಸಿರಾಟ ತೀರಾ ಕಷ್ಟವಾಗಿ ಆಸ್ಪತ್ರೆಗೆ ತರಬೇಕಾಯಿತು. ಅದು ಒಂದೇ ಮಗುವಿನ ಕತೆ, ನಿಜ. ಆದರೆ ವೈದ್ಯರು ಅಲ್ಲಿಗೆ ನಿಲ್ಲಿಸದೆ ಫೆರೆಟ್ ಎಂಬ ಸಣ್ಣ ಪ್ರಾಣಿಯ ಶ್ವಾಸನಾಳದ ಮೇಲೆ ಅದೇ ಮುಲಾಮನ್ನು ಪರೀಕ್ಷಿಸಿದರು. ಲೋಳೆ ಹೆಚ್ಚು ಊರಿತು, ಅದನ್ನು ಹೊರಗೆ ತಳ್ಳುವ ವೇಗ ಕುಗ್ಗಿತು. ದೊಡ್ಡವರ ಅಗಲವಾದ ಶ್ವಾಸನಾಳದಲ್ಲಿ ಇದು ಗೊತ್ತೇ ಆಗದು. ಮಗುವಿನ ಕಿರಿದಾದ ನಾಳದಲ್ಲಿ ಅಷ್ಟೇ ಸಾಕು.

ಹಾಗಾದರೆ ಮುಲಾಮು ಬೇಡವೇ ಬೇಡವೇ? ಎರಡು ವರ್ಷದೊಳಗಿನ ಮಗುವಿಗೆ ಎಲ್ಲಿಗೂ ಬೇಡ, ಎದೆಗೂ ಬೇಡ, ಅಂಗಾಲಿಗೂ ಬೇಡ. ಎಳೆಯ ಚರ್ಮ ಹೆಚ್ಚು ಹೀರುತ್ತದೆ, ಮಗು ಹಚ್ಚಿದ ಜಾಗ ಮುಟ್ಟಿ ಕೈಯನ್ನು ಬಾಯಿಗಿಡುತ್ತದೆ. ಕರ್ಪೂರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತೊಟ್ಟಿಲಿಗೋ ಕುಲಾವಿಗೋ ಕಟ್ಟುವುದೂ ಇದೇ ಕಾರಣಕ್ಕೆ ಬೇಡ. ಎರಡು ವರ್ಷ ದಾಟಿದವರಿಗೆ ಅಂಗಡಿಯ ಮುಲಾಮನ್ನು ಎದೆ, ಬೆನ್ನಿಗೆ ತೆಳ್ಳಗೆ ಹಚ್ಚಬಹುದು. ಅದರಿಂದ ನಿದ್ದೆಗೆ ಅನುಕೂಲವಾಗಬಹುದು, ನೆಗಡಿ ವಾಸಿಯಾಗುವುದಿಲ್ಲ. ಗಾಯವಿರುವ ಚರ್ಮಕ್ಕೆ ಹಚ್ಚಬಾರದು, ಹಚ್ಚಿದ ಮೇಲೆ ಬಿಗಿಯಾಗಿ ಬಟ್ಟೆ ಸುತ್ತಬಾರದು.

ಕಟ್ಟಿದ ಮೂಗಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು. ಹಾಲು ಕುಡಿಸುವ ಮುನ್ನ ಪ್ರತಿ ಹೊಳ್ಳೆಗೆ ಒಂದೆರಡು ಹನಿ ಹಾಕಿ, ಸ್ವಲ್ಪ ಬಿಟ್ಟು ಮೆತ್ತನೆ ಬಟ್ಟೆಯಿಂದ ಒರೆಸಿ. ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ. ವರ್ಷ ತುಂಬಿದ ಮಗುವಿನ ಕೆಮ್ಮಿಗೆ ಅರ್ಧ ಚಮಚ ಜೇನು ಕೊಡಬಹುದು, ವರ್ಷದೊಳಗೆ ಜೇನು ಕೊಡಬೇಡಿ. ಎದೆಗೂಡಿನ ಕೆಳಭಾಗ ಉಸಿರಿನೊಂದಿಗೆ ಒಳಗೆ ಎಳೆದುಕೊಳ್ಳುತ್ತಿದ್ದರೆ ಅಥವಾ ಮಗು ಹಾಲು ಬಿಟ್ಟರೆ ಅದು ಬರೀ ನೆಗಡಿಯಲ್ಲ, ವೈದ್ಯರಿಗೆ ತೋರಿಸಿ.

ಮಗು ಕರ್ಪೂರ ಅಥವಾ ಎಣ್ಣೆ ನುಂಗಿದೆ ಎಂದು ಅನುಮಾನ ಬಂದರೆ ಬಾಯಿ ಮೂಸಿ ನೋಡಿ, ಘಾಟು ವಾಸನೆ ಅಲ್ಲೇ ಗೊತ್ತಾಗುತ್ತದೆ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ನಡುವೆ ಫಿಟ್ಸ್ ಬಂದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು, ತುಪ್ಪ ಕುಡಿಸಬೇಡಿ. ಫಿಟ್ಸ್ ಬಂದರೆ ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ ತುರುಕುವುದು, ಕೈಗೆ ಕಬ್ಬಿಣ ಹಿಡಿಸುವುದು ಬೇಡ. 108ಕ್ಕೆ ಕರೆ ಮಾಡಿ, ಡಬ್ಬಿ ಅಥವಾ ಉಳಿದ ಬಿಲ್ಲೆಯನ್ನು ಜೊತೆಗೆ ತೆಗೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೊರಡಿ. ನೇರ ಮೈಸೂರಿನ ಚೆಲುವಾಂಬ ಆಸ್ಪತ್ರೆಗೇ ಹೋಗೋಣ ಎಂದು ದಾರಿಯಲ್ಲಿ ಸಮಯ ಕಳೆಯಬೇಡಿ. ಫಿಟ್ಸ್ ನಿಲ್ಲಿಸುವ ಚುಚ್ಚುಮದ್ದು ಮೊದಲು ಸಿಗಬೇಕು, ಅದು ಟಿ. ನರಸೀಪುರ ಅಥವಾ ನಂಜನಗೂಡಿನ ಆಸ್ಪತ್ರೆಯಲ್ಲೇ ಸಿಗಲಿ. ಮಗು ಆಡಿಕೊಂಡಿದ್ದರೂ ವೈದ್ಯರು ನಾಲ್ಕು ಗಂಟೆಯಾದರೂ ಕಣ್ಣಿಟ್ಟು ನೋಡುತ್ತಾರೆ, ಬೇಸರಿಸದೆ ಕುಳಿತಿರಿ.

ಈ ಪುಟ ಓದಿ ಮುಗಿಸಿದ ಮೇಲೆ ಒಮ್ಮೆ ಎದ್ದು ನಿಮ್ಮ ಮನೆಯ ಕಾಫೂರ್ ಪೊಟ್ಟಣ ಎಲ್ಲಿದೆ ಎಂದು ನೋಡಿ. ಮುಚ್ಚಳವಿರುವ ಡಬ್ಬಿಗೆ ಹಾಕಿ, ಮಗುವಿನ ಕೈಗೆ ಎಟುಕದ ಕಪಾಟಿನಲ್ಲಿ ಇಡಿ.