ಇಡ್ಲಿ ಬೇಯುತ್ತದೆ, ಬೇಯಿಸಲ್ಪಡುವುದಿಲ್ಲ

ಕಾಲೇಜಿನ ಕನ್ನಡ ಅಸೈನ್‌ಮೆಂಟಿನಲ್ಲಿ ಐದಾರು ಸಾಲಿನ ಇಂಗ್ಲಿಷ್ ಪ್ಯಾರಾ ಕೊಟ್ಟು, ಕನ್ನಡಕ್ಕೆ ತನ್ನಿ ಎನ್ನುವುದುಂಟು. ಕಷ್ಟದ ಪದ ಒಂದೂ ಇರುವುದಿಲ್ಲ, ನಿಘಂಟು ತೆರೆಯಬೇಕಾಗಿಲ್ಲ. ಆದರೂ ತಿದ್ದಲು ಬರುವ ಉತ್ತರ ಹೀಗಿರುತ್ತದೆ:

“ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಉಪಾಹಾರ ಗೃಹವನ್ನು ನಡೆಸುವ ಒಬ್ಬ ಮಹಿಳೆಯು ಪ್ರತಿ ಬೆಳಿಗ್ಗೆ ನಾಲ್ಕು ಗಂಟೆಗೆ ಎಚ್ಚರಗೊಳ್ಳುತ್ತಾಳೆ. ಅವಳು ಹಿಟ್ಟನ್ನು ರುಬ್ಬುವ ಅವಳ ಗಂಡನಿಂದ ಸಹಾಯ ಮಾಡಲ್ಪಡುತ್ತಾಳೆ. ಇಡ್ಲಿಗಳು ಆರು ಗಂಟೆಯ ಮೊದಲು ಬೇಯಿಸಲ್ಪಡುತ್ತವೆ ಮತ್ತು ಒಂಬತ್ತು ಗಂಟೆಯ ಹೊತ್ತಿಗೆ ಮಾರಲ್ಪಡುತ್ತವೆ. ಅವಳು ಇಬ್ಬರು ಹೆಣ್ಣುಮಕ್ಕಳನ್ನು ಹೊಂದಿದ್ದಾಳೆ, ಅವರಲ್ಲಿ ಇಬ್ಬರೂ ಕಾಲೇಜಿನಲ್ಲಿದ್ದಾರೆ. ‘ನಾನು ಪ್ರಾರಂಭಿಸಿದಾಗ ನಾನು ಏನನ್ನೂ ಹೊಂದಿರಲಿಲ್ಲ’ ಎಂದು ಅವಳು ಹೇಳುತ್ತಾಳೆ.”

ಈ ಮಾದರಿ ನಾನೇ ಕಟ್ಟಿದ್ದು. ವ್ಯಾಕರಣದ ತಪ್ಪು ಹುಡುಕಿದರೆ ಹೆಚ್ಚೇನೂ ಸಿಗದು. ಆದರೆ ಯಾವ ಊರಿನ ಕನ್ನಡಿಗರೂ ಹೀಗೆ ಮಾತಾಡುವುದಿಲ್ಲ, ಬರೆಯುವುದೂ ಇಲ್ಲ.

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯುವುದು ‘ಅಲ್ಪಡು’. ಇಂಗ್ಲಿಷಿನಲ್ಲಿ ಕರ್ಮಣಿ ಪ್ರಯೋಗ ದಿನಬಳಕೆಯದು; ಅಲ್ಲಿ ಕಂಡಲ್ಲೆಲ್ಲ ಇಲ್ಲಿಯೂ ‘ಅಲ್ಪಡು’ ಅಂಟಿಸಿದರೆ ಕನ್ನಡ ಬಿಗಿದುಕೊಳ್ಳುತ್ತದೆ. ಕನ್ನಡಕ್ಕೆ ಬೇರೆ ದಾರಿಗಳಿವೆ. ಬೇಯು–ಬೇಯಿಸು, ಕಾಯು–ಕಾಯಿಸು, ಮುಗಿ–ಮುಗಿಸು ಎಂಬ ಜೋಡಿಗಳನ್ನು ನೋಡಿ. ಮಾಡಿದವರು ಯಾರೆಂದು ಹೇಳುವುದು ಬೇಡವಾದಾಗ ಜೋಡಿಯ ಮೊದಲನೆಯದೇ ಸಾಕು: ಇಡ್ಲಿ ಬೇಯುತ್ತದೆ, ಹಾಲು ಕಾಯುತ್ತದೆ, ಕೆಲಸ ಮುಗಿಯುತ್ತದೆ. ಜೋಡಿ ಇಲ್ಲದ ಕಡೆ ಕರ್ತೃವನ್ನು ಬಿಟ್ಟು ‘ಇಲ್ಲಿ ಚೆನ್ನಾಗಿ ದೋಸೆ ಮಾಡುತ್ತಾರೆ’ ಎಂದರಾಯಿತು. ‘ರಸ್ತೆ ಮುಚ್ಚಲಾಗಿದೆ’ ಎಂಬಂಥ ‘ಲಾಗಿದೆ’ ರೂಪ ಪಾಲಿಕೆಯ ಪ್ರಕಟಣೆಗೆ ಒಪ್ಪುತ್ತದೆ. ಮೂಲವೇ ಪ್ರಕಟಣೆಯಾಗಿದ್ದರೆ ಅದನ್ನೇ ಬಳಸಿ. ಇಡ್ಲಿ ಹೋಟೆಲಿಗೆ ಮಾತ್ರ ಅದನ್ನು ತರಬೇಡಿ.

ಎರಡನೆಯ ತೊಡಕು ಸ್ವಲ್ಪ ಸೂಕ್ಷ್ಮ. ಇಂಗ್ಲಿಷಿನಲ್ಲಿ ಅಲ್ಪವಿರಾಮ ಹಾಕಿ ಹೇಳುವ ಹೆಚ್ಚಿನ ಮಾಹಿತಿ ಕನ್ನಡದಲ್ಲಿ ನಾಮಪದದ ಹಿಂದೆ ಹೋಗಿ ಕೂತರೆ ಅರ್ಥವೇ ಪಲ್ಲಟವಾಗಬಹುದು. ‘ಹಿಟ್ಟನ್ನು ರುಬ್ಬುವ ಅವಳ ಗಂಡ’ ಎಂದಾಗ, ಹಿಟ್ಟು ರುಬ್ಬದ ಇನ್ನೊಬ್ಬ ಗಂಡನೂ ಇದ್ದಾನೇನೋ ಅನ್ನಿಸುವುದಿಲ್ಲವೇ! ಮೊದಲ ವಾಕ್ಯದ ‘ಹೋಟೆಲು ನಡೆಸುವ ಹೆಂಗಸು’ ಎಂಬುದರಲ್ಲಿ ಈ ತೊಂದರೆಯಿಲ್ಲ, ಏಕೆಂದರೆ ಯಾವ ಹೆಂಗಸು ಎಂದು ಗುರುತಿಸುವುದೇ ಅದರ ಕೆಲಸ. ಗಂಡನ ವಿಷಯಕ್ಕೆ ಗುರುತು ಬೇಕಿಲ್ಲವಾದ್ದರಿಂದ ರುಬ್ಬುವುದನ್ನೇ ವಾಕ್ಯದ ಮುಖ್ಯ ಕ್ರಿಯೆ ಮಾಡಬೇಕು. ‘ಗಂಡ ಹಿಟ್ಟು ರುಬ್ಬಿಕೊಡುತ್ತಾರೆ’ ಎಂದರೆ ಆ ‘ಕೊಡು’ವಿನಲ್ಲೇ ಸಹಾಯವೂ ಬಂತು.

‘ಹೊಂದಿದ್ದಾಳೆ’ಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕನ್ನಡದಲ್ಲಿ ಮಕ್ಕಳನ್ನು ಯಾರೂ ಹೊಂದುವುದಿಲ್ಲ; ಅವರಿಗೆ ಮಕ್ಕಳಿರುತ್ತಾರೆ.

ಇನ್ನು ‘ಅವಳು’. ಇಂಗ್ಲಿಷಿನ ಸರ್ವನಾಮ ಗೌರವದ ಲೆಕ್ಕ ಹೇಳುವುದಿಲ್ಲ, ಆ ತೀರ್ಮಾನ ಅನುವಾದಕರ ಹೆಗಲಿಗೆ ಬೀಳುತ್ತದೆ. ಕಾಲೇಜಿಗೆ ಹೋಗುವ ಮಕ್ಕಳ ತಾಯಿಯನ್ನು ಪತ್ರಿಕೆಯ ಬರಹದಲ್ಲಿ ‘ಅವರು’ ಎನ್ನುವುದೇ ವಾಡಿಕೆ. ಕಥೆಯಾದರೆ ‘ಆಕೆ’ ಅಥವಾ ‘ಅವಳು’ ನಡೆದೀತು. ಯಾವುದನ್ನು ಆರಿಸಿದರೂ ಕೊನೆಯವರೆಗೆ ಅದನ್ನೇ ಹಿಡಿದಿರಬೇಕು. ನಾಲ್ಕನೆಯ ಸಾಲಿನಲ್ಲಿ ‘ಅವರು’ ಹೋಗಿ ‘ಅವಳು’ ಬಂದರೆ ಓದುಗರು ಎಡವುತ್ತಾರೆ. ಅಂದಹಾಗೆ, ಅರ್ಧಕ್ಕರ್ಧ ಕಡೆ ಸರ್ವನಾಮವೇ ಬೇಡ. ಯಾರ ಮಾತೆಂದು ಕ್ರಿಯಾಪದದ ಕೊನೆಯೇ ಹೇಳುತ್ತದೆ.

ಇಷ್ಟನ್ನು ಗಮನಿಸಿ ಮತ್ತೆ ಬರೆದರೆ:

“ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಹೋಟೆಲು ನಡೆಸುವ ಹೆಂಗಸೊಬ್ಬರು ದಿನಾ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ. ಗಂಡ ಹಿಟ್ಟು ರುಬ್ಬಿಕೊಡುತ್ತಾರೆ. ಆರಕ್ಕೆ ಮುಂಚೆಯೇ ಇಡ್ಲಿ ಬೆಂದಿರುತ್ತದೆ, ಒಂಬತ್ತರ ಹೊತ್ತಿಗೆ ಎಲ್ಲವೂ ಖರ್ಚಾಗಿರುತ್ತದೆ. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಕಾಲೇಜಿಗೆ ಹೋಗುತ್ತಾರೆ. ‘ಶುರು ಮಾಡಿದಾಗ ನನ್ನ ಹತ್ತಿರ ಏನೂ ಇರಲಿಲ್ಲ’ ಎನ್ನುತ್ತಾರೆ.”

ಸಹಜವಾಗಿರಲಿ ಎಂದು ಅತಿಗೆ ಹೋಗುವವರೂ ಇದ್ದಾರೆ. ‘ಕೋಳಿ ಕೂಗುವ ಮುನ್ನ ಏಳುತ್ತಾರೆ’ ಎಂದು ಬರೆದರೆ ಕಿವಿಗೆ ಇಂಪು, ಆದರೆ ನಾಲ್ಕು ಗಂಟೆ ಮಾಯವಾಯಿತು, ಅಂಕವೂ ಹೋಯಿತು. ಅದಕ್ಕೇ ಪರೀಕ್ಷೆ ಎರಡು ಸಲ ಆಗಬೇಕು. ಮೊದಲು ಇಂಗ್ಲಿಷನ್ನು ಮುಚ್ಚಿಟ್ಟು ಕನ್ನಡವನ್ನಷ್ಟೇ ಗಟ್ಟಿಯಾಗಿ ಓದುವುದು. ನಾಲಿಗೆ ತಡವರಿಸಿದ ಕಡೆ ಗೆರೆ ಎಳೆಯುವುದು. ಆಮೇಲೆ ಮೂಲವನ್ನು ತೆರೆದು ನಾಲ್ಕು, ಆರು, ಒಂಬತ್ತು, ಗಂಡ, ಇಬ್ಬರು ಮಕ್ಕಳು ಎಲ್ಲವೂ ಬಂದಿವೆಯೇ ಎಂದು ಬೆರಳಿಟ್ಟು ನೋಡುವುದು.

ಆಕೆಯ ಮಾತನ್ನು ಆಡುನುಡಿಯಲ್ಲೇ ಕೊಡಬೇಕೆ? ‘ನನ್ನ ಹತ್ರ ಏನೂ ಇರ್ಲಿಲ್ಲ’ ಎಂದು ಬರೆದರೆ ಜೀವ ಬರುತ್ತದೆ ನಿಜ, ಆದರೆ ಅದು ಮೈಸೂರು ಕಡೆಯ ಮಾತು. ಹೋಟೆಲು ಧಾರವಾಡದ್ದಾದರೆ ‘ನನ್ನ ಕಡೆ ಏನೂ ಇರಲಿಲ್ಲ’ ಆದೀತು. ಮೂಲದಲ್ಲಿ ಊರಿನ ಹೆಸರಿಲ್ಲದಿದ್ದರೆ ನಾನು ಯಾವ ಸೀಮೆಗೂ ಸೇರದ ಸರಳ ಬರಹದ ಕನ್ನಡವನ್ನೇ ಆರಿಸುತ್ತೇನೆ.